ಚೆಂಡು ಸ್ಟಂಪಿಗೆ ತಗಲುತ್ತಿದ್ದರೂ ನಾಟೌಟ್ ಏಕೆ?

ಪ್ರಶ್ನೆ: ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ಚೆಂಡು ಸ್ಟಂಪಿಗೆ ತಗಲುವುದನ್ನು ಪರದೆಯೇ ತೋರಿಸುತ್ತದೆ, ಆದರೂ ಒಬ್ಬ ಬ್ಯಾಟರ್ ಔಟ್, ಅಂಥದೇ ಚೆಂಡಿಗೆ ಇನ್ನೊಬ್ಬ ನಾಟೌಟ್. ಯಂತ್ರ ನೋಡಿ ಹೇಳಿದ ಮೇಲೂ ಅಂಪೈರ್ಸ್ ಕಾಲ್ ಎಂದು ಮೈದಾನದ ಅಂಪೈರ್ ಕೊಟ್ಟ ತೀರ್ಪಿಗೇ ಹಿಂದಕ್ಕೆ ಹೋಗುವುದೇಕೆ? ತಗುಲಿದರೆ ಔಟ್, ಇಲ್ಲದಿದ್ದರೆ ನಾಟೌಟ್ ಎಂದು ಸರಳವಾಗಿ ಮಾಡಬಾರದೇ?

ಉತ್ತರ:

ಯಂತ್ರ ನೋಡಿ ಹೇಳಿತು ಎಂಬ ಮಾತಿನಲ್ಲಿಯೇ ಗೊಂದಲದ ಬೇರು ಇದೆ. ಬೌಲರ್‌ನ ಕೈಯಿಂದ ಬ್ಯಾಟರ್‌ನ ಪ್ಯಾಡಿನವರೆಗೆ ಚೆಂಡು ನಿಜವಾಗಿ ಸಾಗಿರುತ್ತದೆ, ಅಷ್ಟನ್ನು ಕ್ಯಾಮೆರಾಗಳು ಕಂಡಿರುತ್ತವೆ. ಪ್ಯಾಡಿನಿಂದ ಸ್ಟಂಪಿನವರೆಗಿನ ದಾರಿಯಲ್ಲಿ ಚೆಂಡು ಸಾಗಿಯೇ ಇಲ್ಲ. ಆ ಭಾಗವನ್ನು ಯಾವ ಕ್ಯಾಮೆರಾವೂ ಕಂಡಿಲ್ಲ, ಕಾಣುವುದು ಸಾಧ್ಯವೂ ಇಲ್ಲ, ಏಕೆಂದರೆ ಚೆಂಡು ಪ್ಯಾಡಿಗೆ ಬಡಿದು ಬೇರೆಡೆಗೆ ಹೋಗಿದೆ. ಪರದೆಯಲ್ಲಿ ಎರಡೂ ಭಾಗಗಳನ್ನು ಒಂದೇ ನುಣುಪಾದ ಗೆರೆಯಲ್ಲಿ ಜೋಡಿಸಿ ತೋರಿಸುವುದರಿಂದ ನಮ್ಮ ಕಣ್ಣು ಎರಡಕ್ಕೂ ಒಂದೇ ಮಟ್ಟದ ನಂಬಿಕೆ ಕೊಟ್ಟುಬಿಡುತ್ತದೆ. ಮೊದಲ ಭಾಗ ಅಳತೆ, ಎರಡನೆಯದು ಅಂದಾಜು. ಅಂಪೈರ್ಸ್ ಕಾಲ್ ಮುಖ್ಯವಾಗಿ ಆ ಎರಡನೆಯ ಭಾಗಕ್ಕಾಗಿ ಹುಟ್ಟಿದ್ದು, ಆದ್ದರಿಂದ ಅಳತೆ ಹೇಗೆ ನಡೆಯುತ್ತದೆ, ಅಂದಾಜು ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ.

ಚೆಂಡಿನ ಜಾಡು ಹಿಡಿಯಲು ಕ್ರೀಡಾಂಗಣದ ಸುತ್ತ ಎತ್ತರದಲ್ಲಿ ಹಲವು ವೇಗದ ಕ್ಯಾಮೆರಾಗಳನ್ನು ಕಟ್ಟಿರುತ್ತಾರೆ. ಹಾಕ್-ಐ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಆರು ಕ್ಯಾಮೆರಾಗಳು ಇರುತ್ತವೆ. ಪಂದ್ಯಕ್ಕೆ ಮೊದಲು ಪ್ರತಿಯೊಂದು ಕ್ಯಾಮೆರಾಕ್ಕೂ ತಾನು ಎಲ್ಲಿದ್ದೇನೆ, ಯಾವ ಕೋನದಲ್ಲಿ ನೋಡುತ್ತಿದ್ದೇನೆ ಎಂಬುದನ್ನು ಕಲಿಸಬೇಕು. ಕ್ರೀಸಿನ ಗೆರೆಗಳು, ಸ್ಟಂಪುಗಳು ಮುಂತಾದ ಅಳತೆ ಗೊತ್ತಿರುವ ಗುರುತುಗಳನ್ನು ಇದಕ್ಕೆ ಬಳಸುತ್ತಾರೆ. ಬೌಲರ್ ಚೆಂಡು ಬಿಟ್ಟ ಮೇಲೆ ಪ್ರತಿ ಕ್ಯಾಮೆರಾದ ಪ್ರತಿ ಚಿತ್ರದಲ್ಲೂ ಕಂಪ್ಯೂಟರ್ ಚೆಂಡನ್ನು ಹುಡುಕಿ ಅದರ ನಡುಬಿಂದುವನ್ನು ಗುರುತಿಸುತ್ತದೆ. ಒಂದು ಕ್ಯಾಮೆರಾ ಹೇಳಬಲ್ಲದ್ದು ಇಷ್ಟೇ: ನನ್ನಿಂದ ಹೊರಟ ಈ ಒಂದು ರೇಖೆಯ ಮೇಲೆ ಎಲ್ಲೋ ಚೆಂಡಿದೆ. ಎರಡನೆಯ ಕ್ಯಾಮೆರಾ ಬೇರೆ ದಿಕ್ಕಿನಿಂದ ಇನ್ನೊಂದು ರೇಖೆ ಕೊಡುತ್ತದೆ. ಎರಡು ರೇಖೆಗಳು ಕೂಡುವ ಜಾಗವೇ ಆ ಕ್ಷಣದಲ್ಲಿ ಚೆಂಡಿದ್ದ ಜಾಗ. ಲೆಕ್ಕಕ್ಕೆ ಎರಡು ಕ್ಯಾಮೆರಾ ಸಾಕಾದರೂ ಹೆಚ್ಚಿನವುಗಳನ್ನು ಇಡುವುದಕ್ಕೆ ಕಾರಣವಿದೆ. ಒಂದಕ್ಕೆ ಬೌಲರ್‌ನ ದೇಹ ಅಡ್ಡ ಬರಬಹುದು, ಇನ್ನೊಂದಕ್ಕೆ ಸ್ಟ್ಯಾಂಡಿನ ನೆರಳಿನಲ್ಲಿ ಚೆಂಡಿನ ಅಂಚು ಮಸುಕಾಗಬಹುದು, ಮತ್ತೊಂದು ಗಾಳಿಗೆ ಕೂದಲೆಳೆಯಷ್ಟು ಅಲುಗಿರಬಹುದು. ಹಲವು ರೇಖೆಗಳಿದ್ದರೆ ಹೊಂದದೆ ನಿಂತದ್ದು ಯಾವುದು ಎಂದು ಗೊತ್ತಾಗುತ್ತದೆ.

ಹೀಗೆ ಸಿಕ್ಕ ಬಿಂದುಗಳ ಸಾಲನ್ನು ವ್ಯವಸ್ಥೆ ಎರಡು ತುಂಡುಗಳಾಗಿ ನೋಡುತ್ತದೆ: ಕೈಯಿಂದ ಪುಟಿದ ಜಾಗದವರೆಗೆ ಒಂದು, ಪುಟಿದ ಜಾಗದಿಂದ ಪ್ಯಾಡಿನವರೆಗೆ ಇನ್ನೊಂದು. ನೆಲಕ್ಕೆ ತಗುಲಿದಾಗ ಚೆಂಡು ಎಷ್ಟು ಎದ್ದಿತು, ಎಷ್ಟು ತಿರುಗಿತು, ಎಷ್ಟು ವೇಗ ಕಳೆದುಕೊಂಡಿತು ಎಂಬುದು ಪಿಚ್ಚಿನ ಆ ಅಂಗುಲದ ಸ್ವಭಾವ, ಚೆಂಡಿನ ಹೊಲಿಗೆ ಬಿದ್ದ ರೀತಿ, ಸ್ಪಿನ್ನಿನ ಪ್ರಮಾಣ ಎಲ್ಲವನ್ನೂ ಅವಲಂಬಿಸಿರುವುದರಿಂದ ಅದನ್ನು ಮೊದಲೇ ಲೆಕ್ಕ ಹಾಕಲು ಆಗುವುದಿಲ್ಲ. ಆದ್ದರಿಂದ ಮುಂದಿನ ದಾರಿಯ ಅಂದಾಜಿಗೆ ಆಧಾರವಾಗುವುದು ಪುಟಿದ ಮೇಲೆ ಕಂಡ ಬಿಂದುಗಳು. ಅವುಗಳಿಗೆ ಹೊಂದುವ ವಕ್ರರೇಖೆಯನ್ನು ಕೂಡಿಸಿ, ಗುರುತ್ವ ಎಳೆಯುವ ಇಳಿತವನ್ನೂ ಗಾಳಿಯ ತಡೆಯನ್ನೂ ಸೇರಿಸಿ, ಅದೇ ರೇಖೆಯನ್ನು ಸ್ಟಂಪಿನ ಸಮತಲದವರೆಗೆ ಮುಂದುವರಿಸುತ್ತಾರೆ. ವ್ಯಾಖ್ಯಾನಕಾರರು ಕೆಲವೊಮ್ಮೆ ಪಿಚ್ಚಿನಲ್ಲಿ ಬೌನ್ಸ್ ಹೆಚ್ಚಿದೆ, ಅದು ಯಂತ್ರಕ್ಕೆ ಹೇಗೆ ಗೊತ್ತು ಎಂದು ಕೇಳುವುದುಂಟು. ಆ ಎಸೆತದ ಬೌನ್ಸ್ ಆಗಲೇ ನಡೆದುಹೋಗಿದೆ ಮತ್ತು ಅಳತೆಯೊಳಗೆ ಬಂದಿದೆ, ಹಾಗಾಗಿ ಆ ಸಂದೇಹಕ್ಕೆ ಆಧಾರವಿಲ್ಲ. ನಿಜವಾದ ಸಂದೇಹ ಇರಬೇಕಾದದ್ದು ಪುಟಿದ ಮೇಲೆ ಎಷ್ಟು ದೂರ ಚೆಂಡನ್ನು ಕಾಣಲು ಸಿಕ್ಕಿತು ಎಂಬುದರ ಬಗ್ಗೆ.

ಇದನ್ನು ಎರಡು ಎಸೆತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಆರಿಸಿಕೊಂಡವು, ಆದರೆ ಪಂದ್ಯಗಳಲ್ಲಿ ದಿನವೂ ಕಾಣುವಂಥವೇ. ಕ್ಯಾಮೆರಾ ಸೆಕೆಂಡಿಗೆ 340 ಚಿತ್ರ ತೆಗೆಯುತ್ತದೆ ಎಂದುಕೊಳ್ಳಿ.

ಮೊದಲನೆಯದು ವೇಗದ ಬೌಲರ್‌ನ ಎಸೆತ. ಸ್ಟಂಪಿನಿಂದ 4 ಮೀಟರ್ ದೂರದಲ್ಲಿ ಪುಟಿದು, ಸ್ಟಂಪಿನಿಂದ 2 ಮೀಟರ್ ಇರುವಾಗ ಪ್ಯಾಡಿಗೆ ಬಡಿಯಿತು. ಪುಟಿದ ಮೇಲೆ ಅದರ ವೇಗ ಸೆಕೆಂಡಿಗೆ 30 ಮೀಟರ್ ಇದ್ದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಚೆಂಡು ಸುಮಾರು 9 ಸೆಂಟಿಮೀಟರ್ ಸಾಗುತ್ತದೆ, ಅಂದರೆ ಪುಟಿತದಿಂದ ಪ್ಯಾಡಿನವರೆಗೆ ಪ್ರತಿ ಕ್ಯಾಮೆರಾಕ್ಕೂ ಸುಮಾರು 22 ಚಿತ್ರಗಳು ಸಿಗುತ್ತವೆ. ಕಂಡದ್ದು 2 ಮೀಟರ್, ಅಂದಾಜು ಮಾಡಬೇಕಾದದ್ದು 2 ಮೀಟರ್.

ಎರಡನೆಯದು ಸ್ಪಿನ್ನರ್‌ನ ಎಸೆತ. ಬ್ಯಾಟರ್ ಮುಂಗಾಲನ್ನು ಚೆನ್ನಾಗಿ ಚಾಚಿದ್ದಾನೆ. ಚೆಂಡು ಸ್ಟಂಪಿನಿಂದ 2.95 ಮೀಟರ್ ದೂರದಲ್ಲಿ ಪುಟಿದು, 2.60 ಮೀಟರ್ ದೂರದಲ್ಲಿ ಪ್ಯಾಡಿಗೆ ಬಡಿಯಿತು. ಪುಟಿದ ಮೇಲೆ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ ಚಿತ್ರಕ್ಕೊಮ್ಮೆ ಸುಮಾರು 6 ಸೆಂಟಿಮೀಟರ್ ಸಾಗುತ್ತದೆ. ಪುಟಿತಕ್ಕೂ ಪ್ಯಾಡಿಗೂ ನಡುವೆ ಇರುವುದು ಬರೀ 35 ಸೆಂಟಿಮೀಟರ್, ಹಾಗಾಗಿ ಸಿಗುವುದು ಆರೇ ಚಿತ್ರಗಳು. ಆ ಗೇಣುದ್ದದ ದಾರಿಯಲ್ಲಿ ಕಂಡ ದಿಕ್ಕನ್ನು ಹಿಡಿದು ಅದರ ಏಳು ಪಟ್ಟಿಗಿಂತ ಹೆಚ್ಚು ದೂರಕ್ಕೆ ರೇಖೆ ಎಳೆಯಬೇಕು.

ಈಗ ಒಂದು ಸಣ್ಣ ತಪ್ಪನ್ನು ಎರಡಕ್ಕೂ ಸೇರಿಸಿ. ಕಂಡ ಭಾಗದ ಈ ತುದಿಗೂ ಆ ತುದಿಗೂ ನಡುವೆ ಒಟ್ಟು 3 ಮಿಲಿಮೀಟರ್ ಅಡ್ಡದ ತಪ್ಪು ನುಸುಳಿತೆಂದು ಇಟ್ಟುಕೊಳ್ಳೋಣ. ಹತ್ತಾರು ಮೀಟರ್ ದೂರದಿಂದ ಓಡುವ ಚೆಂಡನ್ನು ಅಳೆಯುವಾಗ 3 ಮಿಲಿಮೀಟರ್ ಎಂದರೆ ಅವಮಾನಪಡಬೇಕಾದ ತಪ್ಪೇನಲ್ಲ. ವೇಗದ ಎಸೆತದಲ್ಲಿ ಕಂಡ ದೂರವೂ ಅಂದಾಜಿನ ದೂರವೂ ಸಮವಾಗಿರುವುದರಿಂದ ಸ್ಟಂಪಿನ ಬಳಿ ಹೆಚ್ಚುವರಿಯಾಗಿ ಸೇರುವ ತಪ್ಪು ಮತ್ತೆ 3 ಮಿಲಿಮೀಟರ್ ಮಾತ್ರ. ಸ್ಪಿನ್ ಎಸೆತದಲ್ಲಿ ಅದೇ 3 ಮಿಲಿಮೀಟರ್ ಏಳೂವರೆ ಪಟ್ಟಾಗಿ ಬೆಳೆದು 2 ಸೆಂಟಿಮೀಟರ್ ದಾಟುತ್ತದೆ. ಚೆಂಡಿನ ಅಡ್ಡಳತೆಯೇ ಸುಮಾರು 7.2 ಸೆಂಟಿಮೀಟರ್ ಎಂಬುದನ್ನು ನೆನೆದರೆ 2 ಸೆಂಟಿಮೀಟರ್ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಎತ್ತರದ ಲೆಕ್ಕದಲ್ಲೂ ಹೀಗೆಯೇ. ಉಳಿದ ದಾರಿಯನ್ನು ಸಾಗುವಷ್ಟು ಹೊತ್ತಿನಲ್ಲಿ ಗುರುತ್ವದಿಂದಾಗಿ ವೇಗದ ಚೆಂಡು ಸುಮಾರು 2 ಸೆಂಟಿಮೀಟರ್ ಇಳಿದರೆ, ನಿಧಾನದ ಚೆಂಡು 8 ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತದೆ. ಹಾಗಾಗಿ ಅದರ ವೇಗವನ್ನು ಸ್ವಲ್ಪ ತಪ್ಪಾಗಿ ಅಳೆದರೂ ಬೇಲ್‌ಗಳ ಮಟ್ಟದಲ್ಲಿ ಉತ್ತರ ಬದಲಾಗುತ್ತದೆ.

ಇದರ ಜೊತೆಗೆ ಪ್ಯಾಡಿಗೆ ತಗುಲಿದ ಕ್ಷಣ ಯಾವುದು ಎಂಬ ಪ್ರಶ್ನೆಯಿದೆ. ಎರಡು ಚಿತ್ರಗಳ ನಡುವಿನ ಬಿಡುವಿನಲ್ಲಿ ಚೆಂಡು ಪ್ಯಾಡಿಗೆ ಬಡಿದಿದ್ದರೆ, ಬಡಿದ ನಂತರದ ಒಂದು ಬಿಂದು ಬಡಿಯುವ ಮೊದಲಿನ ಸಾಲಿಗೆ ಸೇರಿಹೋಗುವ ಅಪಾಯವಿರುತ್ತದೆ. ಇಪ್ಪತ್ತೆರಡು ಬಿಂದುಗಳಲ್ಲಿ ಅಂಥದೊಂದು ಸೇರಿದರೆ ರೇಖೆ ಅಷ್ಟಾಗಿ ಅಲುಗುವುದಿಲ್ಲ, ಬಿಂದು ಹೊಂದುತ್ತಿಲ್ಲ ಎಂದು ಎದ್ದು ಕಾಣುತ್ತದೆ ಕೂಡ. ಆರರಲ್ಲಿ ಒಂದು ಸೇರಿದರೆ ಇಡೀ ದಿಕ್ಕೇ ವಾಲಬಹುದು. ಇದಕ್ಕಾಗಿಯೇ ಹೆಚ್ಚು ವೇಗದ ಕ್ಯಾಮೆರಾಗಳು ಬಂದಾಗ ಕೆಲಸ ಸುಧಾರಿಸಿದ್ದು, ಮತ್ತು ಇದಕ್ಕಾಗಿಯೇ ವ್ಯವಸ್ಥೆಯ ಹಿಂದೆ ಈಗಲೂ ತರಬೇತಾದ ಜನ ಕುಳಿತು ಬಿಂದುಗಳನ್ನು ಪರಿಶೀಲಿಸುವುದು.

ಅಂದಾಜು ಎಷ್ಟು ಸರಿ ಎಂದು ಪರೀಕ್ಷಿಸುವ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬಹಳ ನೇರವಾದ ದಾರಿ. ಯಾರಿಗೂ ತಗಲದೆ ಸ್ಟಂಪಿನವರೆಗೆ ಹೋದ ಎಸೆತವೊಂದನ್ನು ತೆಗೆದುಕೊಂಡು, ಸ್ಟಂಪಿಗೆ 2 ಮೀಟರ್ ಇರುವಾಗಲೇ ಅಳತೆ ನಿಂತಿತೆಂದು ನಟಿಸಿ, ಉಳಿದ ದಾರಿಯನ್ನು ಅಂದಾಜು ಮಾಡಿ, ಅದನ್ನು ನಿಜವಾಗಿ ಸಾಗಿದ ದಾರಿಯೊಂದಿಗೆ ಹೋಲಿಸಿದರೆ ಆಯಿತು. ಇಂಥ ಹೋಲಿಕೆಯಲ್ಲಿ ಹೆಚ್ಚಿನ ಎಸೆತಗಳಿಗೆ ಅಂದಾಜು ಬಹಳ ಹತ್ತಿರ ಬರುತ್ತದೆ. ಅದೇ ಪರೀಕ್ಷೆಯಲ್ಲಿ ಪುಟಿದ ಕೂಡಲೇ ಅಳತೆ ನಿಲ್ಲಿಸಿದರೆ ಉತ್ತರಗಳು ಚದುರುವುದೂ ಕಾಣುತ್ತದೆ. ಪ್ರತಿ ಎಸೆತಕ್ಕೂ ಸ್ಟಂಪಿನ ಬಳಿ ಇರಬೇಕಾದದ್ದು ಮಸುಕಾದ ಅಂಚಿನ ಒಂದು ವಲಯ. ಕೆಲವು ಎಸೆತಗಳಿಗೆ ಅದು ಚಿಕ್ಕದು, ಕೆಲವಕ್ಕೆ ದೊಡ್ಡದು. ಪ್ರಸಾರದ ಚಿತ್ರದಲ್ಲಿ ಮಾತ್ರ ಎಲ್ಲ ಎಸೆತಗಳಿಗೂ ಒಂದೇ ಬಗೆಯ ಗಟ್ಟಿ ಅಂಚಿನ ಚೆಂಡನ್ನು ಬಿಡಿಸುತ್ತಾರೆ.

ಈ ಮಸುಕನ್ನು ನಿಯಮದೊಳಗೆ ತಂದದ್ದು ಹೇಗೆ ಎಂಬುದಕ್ಕೆ ಈಗ ಬರೋಣ. ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ನೋಬಾಲ್ ಇಲ್ಲವೆಂದೂ ಬ್ಯಾಟಿಗೆ ತಗುಲಿಲ್ಲವೆಂದೂ ಖಚಿತವಾದ ಮೇಲೆ ಬಾಲ್ ಟ್ರ್ಯಾಕಿಂಗ್ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಎಲ್ಲಿ ಪುಟಿಯಿತು, ಎಲ್ಲಿ ಪ್ಯಾಡಿಗೆ ತಗುಲಿತು, ಸ್ಟಂಪಿಗೆ ತಗಲುತ್ತಿತ್ತೇ. ಪುಟಿದ ಜಾಗಕ್ಕೆ ಅಂಪೈರ್ಸ್ ಕಾಲ್ ಇಲ್ಲ. ಚೆಂಡಿನ ನಡುಬಿಂದು ಲೆಗ್ ಸ್ಟಂಪಿನ ರೇಖೆಯ ಹೊರಗೆ ಬಿದ್ದಿದ್ದರೆ ಹೊರಗೆ, ಒಳಗಿದ್ದರೆ ಒಳಗೆ. ಅದು ಕಣ್ಣಾರೆ ಕಂಡು ಅಳೆದ ಸಂಗತಿ. ಪ್ಯಾಡಿಗೆ ತಗುಲಿದ ಜಾಗದ ವಿಷಯಕ್ಕೆ ಆಮೇಲೆ ಬರುತ್ತೇನೆ. ಸ್ಟಂಪಿನ ಪ್ರಶ್ನೆಗೆ ಮೂರು ಉತ್ತರಗಳಿವೆ. ಚೆಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಸ್ಟಂಪಿನ ವಲಯದೊಳಗೆ ಬಂದರೆ ತಗಲುತ್ತಿತ್ತು ಎಂದು, ಚೆಂಡಿನ ಯಾವ ಭಾಗವೂ ತಾಕದಿದ್ದರೆ ತಪ್ಪುತ್ತಿತ್ತು ಎಂದು, ಇವೆರಡರ ನಡುವೆ ಬಂದರೆ ಅಂಪೈರ್ಸ್ ಕಾಲ್ ಎಂದು.

ಅರ್ಧ ಎಂಬ ಮಾತನ್ನು ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಸ್ಟಂಪಿನ ಅರ್ಧ ಎಂದೋ, ತಗಲುವ ಸಾಧ್ಯತೆ ಐವತ್ತು ಶೇಕಡಾ ಎಂದೋ ಅದರ ಅರ್ಥವಲ್ಲ. ಚೆಂಡಿನ ನಡುಬಿಂದು ಹೊರ ಸ್ಟಂಪಿನ ಹೊರ ಅಂಚಿನ ಒಳಗಿದೆಯೇ, ಹೊರಗಿದೆಯೇ ಎಂಬುದಷ್ಟೇ ಪ್ರಶ್ನೆ. ಮೂರೂ ಸ್ಟಂಪುಗಳು ಸೇರಿ 22.86 ಸೆಂಟಿಮೀಟರ್ ಅಗಲ. ನಡುಬಿಂದು ಈ ಅಗಲದೊಳಗಿದ್ದರೆ ತಗಲುತ್ತಿತ್ತು ಎಂಬ ತೀರ್ಪು. ಅದರಿಂದ ಆಚೆಗೆ, ಚೆಂಡಿನ ಅರ್ಧ ಅಡ್ಡಳತೆಯಾದ ಸುಮಾರು 3.6 ಸೆಂಟಿಮೀಟರ್‌ವರೆಗೆ ಎರಡೂ ಬದಿಯಲ್ಲಿ ಅಂಪೈರ್ಸ್ ಕಾಲ್‌ನ ಪಟ್ಟಿ ಹಾಯುತ್ತದೆ. ಮೇಲ್ಭಾಗದಲ್ಲೂ ಇಂಥದೇ ಒಂದು ಪಟ್ಟಿ.

ಉದಾಹರಣೆಗೆ, ಚೆಂಡಿನ ನಡುಬಿಂದು ಆಫ್ ಸ್ಟಂಪಿನ ಹೊರ ಅಂಚಿನಿಂದ 2 ಸೆಂಟಿಮೀಟರ್ ಆಚೆಗೆ ಹಾದುಹೋಗುತ್ತಿತ್ತು ಎಂದು ಲೆಕ್ಕ ಬಂತೆನ್ನಿ. ಹಾಗಾದರೆ ಚೆಂಡಿನ ಒಳಬದಿಯ 1.6 ಸೆಂಟಿಮೀಟರ್ ಸ್ಟಂಪನ್ನು ಸವರುತ್ತದೆ, ಪರದೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಹೇಳಿದ ವೇಗದ ಎಸೆತವಾಗಿದ್ದರೆ, ಮಿಲಿಮೀಟರುಗಳ ತಪ್ಪಿದ್ದರೂ ಅದು ಸ್ಟಂಪಿಗೆ ತಗಲುತ್ತಿತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸ್ಪಿನ್ ಎಸೆತವಾಗಿದ್ದರೆ 2 ಸೆಂಟಿಮೀಟರ್ ತಪ್ಪು ಹೊರಬದಿಗೆ ಬಿದ್ದಾಗ ಚೆಂಡು ಸ್ಟಂಪನ್ನು ತಾಕದೆಯೇ ಹೋಗುತ್ತದೆ. ಪರದೆಯ ಚಿತ್ರ ಎರಡಕ್ಕೂ ಒಂದೇ, ಅದರ ಹಿಂದಿನ ಭರವಸೆ ಬೇರೆ ಬೇರೆ. ನಿಯಮ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ, ಇಲ್ಲಿ ಮೈದಾನದ ತೀರ್ಪನ್ನು ಅಳಿಸುವಷ್ಟು ಸಾಕ್ಷ್ಯವಿಲ್ಲ ಎನ್ನುತ್ತದೆ.

ನಿಮ್ಮ ಪ್ರಶ್ನೆಯ ಹೃದಯ ಇಲ್ಲಿದೆ. ಮರುಪರಿಶೀಲನೆಯಲ್ಲಿ ಕೇಳುವ ಪ್ರಶ್ನೆ ಚೆಂಡು ತಗಲುತ್ತಿತ್ತೇ ಎಂಬುದಕ್ಕಿಂತ ಅಂಪೈರ್ ತೀರ್ಪು ಖಚಿತವಾಗಿ ತಪ್ಪೇ ಎಂಬುದು. ಒಬ್ಬ ಅಂಪೈರ್ ಔಟ್ ಕೊಟ್ಟಿದ್ದಾರೆ, ಚೆಂಡು ಅಂಚಿನಲ್ಲಿದೆ: ಅವರು ತಪ್ಪೆಂದು ಸಾಬೀತಾಗಲಿಲ್ಲ, ಔಟ್ ಉಳಿಯುತ್ತದೆ. ಇನ್ನೊಬ್ಬರು ನಾಟೌಟ್ ಕೊಟ್ಟಿದ್ದಾರೆ, ಅದೇ ಅಂಚಿನಲ್ಲಿ ಚೆಂಡು: ಅವರೂ ತಪ್ಪೆಂದು ಸಾಬೀತಾಗಲಿಲ್ಲ, ನಾಟೌಟ್ ಉಳಿಯುತ್ತದೆ. ಮೇಲಿನ ನ್ಯಾಯಾಲಯ ಸಾಕ್ಷ್ಯವನ್ನು ಮೊದಲಿನಿಂದ ತೂಗದೆ, ಕೆಳಗಿನ ತೀರ್ಪಿನಲ್ಲಿ ಎದ್ದು ಕಾಣುವ ತಪ್ಪಿದೆಯೇ ಎಂದಷ್ಟೇ ನೋಡಿದಂತೆ ಇದು. 2008ರಲ್ಲಿ ಭಾರತದ ಶ್ರೀಲಂಕಾ ಪ್ರವಾಸದಲ್ಲಿ ಪ್ರಯೋಗವಾಗಿ ಶುರುವಾದಾಗಿನಿಂದಲೂ ಈ ವ್ಯವಸ್ಥೆಯ ಗುರಿ ಕಣ್ಣಿಗೆ ರಾಚುವ ತಪ್ಪುಗಳನ್ನು ತಿದ್ದುವುದೇ ಆಗಿತ್ತು. 2021ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷತೆಯ ಐಸಿಸಿ ಕ್ರಿಕೆಟ್ ಸಮಿತಿ ಈ ವಿಷಯವನ್ನು ಮತ್ತೆ ಚರ್ಚಿಸಿ ಅಂಪೈರ್ಸ್ ಕಾಲ್ ಉಳಿಯಬೇಕೆಂದೇ ಹೇಳಿತು. ತಂತ್ರಜ್ಞಾನದಲ್ಲಿ ಅಂದಾಜಿನ ಅಂಶ ಇದೆ ಎಂಬುದು ಆಗ ಕೊಟ್ಟ ಕಾರಣಗಳಲ್ಲಿ ಒಂದು.

ಆ ಪಟ್ಟಿ ಮಾತ್ರ ಮೊದಲಿನಿಂದ ಇದ್ದಂತೆಯೇ ಇಲ್ಲ. 2016ಕ್ಕೆ ಮೊದಲು ಚೆಂಡಿನ ನಡುಬಿಂದು ಹೊರ ಸ್ಟಂಪುಗಳ ನಡುಗೆರೆಯ ಒಳಗೆ ಬರಬೇಕಿತ್ತು. ಆ ವರ್ಷ ಗಡಿಯನ್ನು ಸ್ಟಂಪಿನ ಹೊರ ಅಂಚಿಗೆ ಸರಿಸಿದರು. 2021ರಲ್ಲಿ ಮೇಲಿನ ಗಡಿಯನ್ನೂ ಬೇಲ್‌ಗಳ ಕೆಳ ಅಂಚಿನಿಂದ ಮೇಲಕ್ಕೆ ಏರಿಸಿ, ಅಗಲಕ್ಕೂ ಎತ್ತರಕ್ಕೂ ಒಂದೇ ಅಳತೆಯ ಪಟ್ಟಿ ಬರುವಂತೆ ಮಾಡಿದರು. ಅಳತೆ ಉತ್ತಮವಾದಂತೆ ಅನುಮಾನದ ಪಟ್ಟಿ ಕಿರಿದಾಗಿದೆ, ಅದು ಆಗಬೇಕಾದ ರೀತಿಯೇ ಸರಿ. ಇದಲ್ಲದೆ 2017ರಲ್ಲಿ, ಅಂಪೈರ್ಸ್ ಕಾಲ್ ಬಂದಾಗ ತಂಡ ತನ್ನ ರಿವ್ಯೂ ಅನ್ನು ಕಳೆದುಕೊಳ್ಳುವ ಪದ್ಧತಿಯೂ ಹೋಯಿತು. ಅದು ನಿಜಕ್ಕೂ ಅನ್ಯಾಯವಾಗಿತ್ತು: ಚೆಂಡು ಸ್ಟಂಪಿಗೆ ತಗಲುತ್ತದೆ ಎಂದು ಊಹಿಸಿದ ನಾಯಕನ ಊಹೆ ಸರಿಯಿದ್ದಾಗಲೂ ಶಿಕ್ಷೆ ಬೀಳುತ್ತಿತ್ತು.

ಪ್ಯಾಡಿನಿಂದ ಸ್ಟಂಪಿಗಿರುವ ದೂರದ ವಿಷಯ ಎಲ್ಲರ ಗಮನಕ್ಕೆ ಬಂದದ್ದು 2011ರ ವಿಶ್ವಕಪ್‌ನಲ್ಲಿ, ಬೆಂಗಳೂರಿನಲ್ಲಿ ನಡೆದ ಭಾರತ–ಇಂಗ್ಲೆಂಡ್ ಪಂದ್ಯದಲ್ಲಿ. ಯುವರಾಜ್ ಸಿಂಗ್ ಎಸೆದ ಚೆಂಡು ಮುಂದೆ ಬಂದಿದ್ದ ಇಯಾನ್ ಬೆಲ್ ಅವರ ಪ್ಯಾಡಿಗೆ ತಗುಲಿತು. ಅಂಪೈರ್ ಬಿಲ್ಲಿ ಬೌಡನ್ ನಾಟೌಟ್ ಎಂದರು. ಧೋನಿ ಮರುಪರಿಶೀಲನೆ ಕೇಳಿದರು. ಪರದೆಯಲ್ಲಿ ಚೆಂಡು ನಡು ಸ್ಟಂಪಿನ ಕಡೆಗೇ ಹೋಗುವಂತೆ ಕಂಡಿತು, ಬೆಲ್ ಕೂಡ ಪೆವಿಲಿಯನ್ ಕಡೆ ಹೆಜ್ಜೆ ಹಾಕತೊಡಗಿದರು. ಆದರೆ ಪ್ಯಾಡಿಗೆ ತಗುಲಿದ ಜಾಗ ಸ್ಟಂಪಿನಿಂದ ಎರಡೂವರೆ ಮೀಟರಿಗೂ ಹೆಚ್ಚು ದೂರವಿದ್ದುದರಿಂದ, ಆಗಿನ ನಿಯಮದಂತೆ ಆ ಅಂದಾಜನ್ನು ಕಣ್ಣುಮುಚ್ಚಿ ಒಪ್ಪುವಂತಿರಲಿಲ್ಲ. ವಿಷಯ ಬೌಡನ್ ಅವರಿಗೆ ಮರಳಿತು, ಅವರು ನಾಟೌಟ್ ಅನ್ನೇ ಉಳಿಸಿಕೊಂಡರು. ಬೆಲ್ 69 ರನ್ ಮಾಡಿದರು, ಆಂಡ್ರೂ ಸ್ಟ್ರಾಸ್ 158 ಮಾಡಿದರು, ಎರಡೂ ತಂಡಗಳು 338ರಲ್ಲಿ ನಿಂತು ಪಂದ್ಯ ಟೈ ಆಯಿತು. ಧೋನಿ ಪಂದ್ಯದ ನಂತರ ಈ ತೀರ್ಪಿನ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿದರು.

ಆ ಅಸಮಾಧಾನ ನನಗೆ ಅರ್ಥವಾಗುತ್ತದೆ, ಮತ್ತು ಅದರಲ್ಲಿ ಅರ್ಧದಷ್ಟು ಸರಿಯೂ ಹೌದು. ಅಂದಾಜು ನಡು ಸ್ಟಂಪಿಗೆ ಹೋಗುತ್ತಿದೆ ಎಂದರೆ ನಡುಬಿಂದುವಿನಿಂದ ಹೊರ ಅಂಚಿಗೆ 11 ಸೆಂಟಿಮೀಟರಿಗೂ ಹೆಚ್ಚು ಅಂತರವಿದೆ. ಎರಡು ಸೆಂಟಿಮೀಟರ್ ತಪ್ಪು ಯಾವ ದಿಕ್ಕಿಗೆ ಬಿದ್ದರೂ ಅಂಥ ಚೆಂಡು ಬದಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಹಾಗಿರುವಾಗ ಬರೀ ದೂರವನ್ನು ನೋಡಿ ತೀರ್ಪು ಹಿಂದಿರುಗಿಸುವುದು ಒರಟು ನಿಯಮ. ಇನ್ನರ್ಧ ಹೀಗಿದೆ: ದೂರ ಹೆಚ್ಚಿದಷ್ಟೂ, ಪುಟಿತಕ್ಕೂ ಪ್ಯಾಡಿಗೂ ನಡುವಿನ ದಾರಿ ಕಿರಿದಾದಷ್ಟೂ ಪರದೆಯಲ್ಲಿ ತೋರಿದ ನಡು ಸ್ಟಂಪನ್ನೇ ನಾವು ಎಷ್ಟು ನಂಬಬೇಕು ಎಂಬ ಪ್ರಶ್ನೆ ಬಲವಾಗುತ್ತದೆ, ಮೇಲಾಗಿ ಎತ್ತರದಲ್ಲಿ ಅಷ್ಟು ಅವಕಾಶ ಇರುವುದಿಲ್ಲ. ನಂತರ ಬಂದ ನಿಯಮಗಳು ಇದನ್ನು ಹದಗೊಳಿಸಿವೆ. ನಾಟೌಟ್ ತೀರ್ಪನ್ನು ಪರಿಶೀಲಿಸುವಾಗ ಪ್ಯಾಡಿಗೆ ತಗುಲಿದ ಜಾಗ ಸ್ಟಂಪಿನಿಂದ 3 ಮೀಟರ್ ಅಥವಾ ಅದಕ್ಕಿಂತ ದೂರವಿದ್ದರೆ ನಾಟೌಟ್ ಉಳಿಯುತ್ತದೆ. ಎರಡೂವರೆಯಿಂದ ಮೂರು ಮೀಟರಿನ ನಡುವೆ ಇದ್ದರೆ, ಪುಟಿತಕ್ಕೂ ಪ್ಯಾಡಿಗೂ ನಡುವೆ 40 ಸೆಂಟಿಮೀಟರಿಗಿಂತ ಕಡಿಮೆ ಇದ್ದಾಗ ಮಾತ್ರ ಉಳಿಯುತ್ತದೆ. ನಾನು ಮೇಲೆ ಲೆಕ್ಕ ಹಾಕಿದ 2.60 ಮೀಟರ್, 35 ಸೆಂಟಿಮೀಟರಿನ ಸ್ಪಿನ್ ಎಸೆತ ನೇರವಾಗಿ ಈ ನಿಯಮದೊಳಗೆ ಬೀಳುತ್ತದೆ. ಕ್ರೀಸ್ ಬಿಟ್ಟು ಮುಂದೆ ಬಂದ ಬ್ಯಾಟರ್‌ಗೆ ಸ್ಟಂಪಿನ ನೇರಕ್ಕೇ ಚೆಂಡು ತಗುಲಿದಾಗಲೂ ನಾಟೌಟ್ ಉಳಿಯುವುದನ್ನು ನೀವು ನೋಡಿದ್ದರೆ, ಕಾರಣ ಬಹುತೇಕ ಇದೇ.

ತಗುಲಿದರೆ ಔಟ್ ಎಂದು ಮಾಡಿಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅಳತೆಯಲ್ಲಿಯೇ ನೋಡಬಹುದು. ಈಗ ನಾಟೌಟ್ ತೀರ್ಪನ್ನು ಔಟ್ ಮಾಡಲು ಚೆಂಡಿನ ನಡುಬಿಂದು ಬರಬೇಕಾದ ಚೌಕಟ್ಟು ಸುಮಾರು 23 ಸೆಂಟಿಮೀಟರ್ ಅಗಲ, 71 ಸೆಂಟಿಮೀಟರ್ ಎತ್ತರ. ಸ್ವಲ್ಪ ತಾಕಿದರೂ ಸಾಕು ಎಂದಾದರೆ ಅಗಲ ಸುಮಾರು 30 ಸೆಂಟಿಮೀಟರ್, ಎತ್ತರ ಸುಮಾರು 75 ಸೆಂಟಿಮೀಟರ್ ಆಗುತ್ತದೆ. ಚೌಕಟ್ಟಿನ ವಿಸ್ತಾರ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಬೆಳೆಯುತ್ತದೆ. ಲೆಗ್ ಸ್ಟಂಪನ್ನು ಸವರಿ ಹೋಗುವ, ಬೇಲ್‌ಗಳನ್ನು ಮುಟ್ಟಿಯೂ ಮುಟ್ಟದಂತೆ ಹಾಯುವ ಎಸೆತಗಳಿಗೆಲ್ಲ ಔಟ್ ಬೀಳುತ್ತದೆ, ಅದೂ ಯಂತ್ರದ ಭರವಸೆ ತೀರ ಕಡಿಮೆ ಇರುವ ಅಂಚಿನಲ್ಲಿಯೇ. ಬೇರೆ ತುದಿಗೆ ಹೋಗಿ, ಅರ್ಧ ಚೆಂಡು ಒಳಗಿದ್ದರೆ ಔಟ್, ಇಲ್ಲದಿದ್ದರೆ ನಾಟೌಟ್, ಅಂಪೈರ್ ಏನೇ ಹೇಳಿರಲಿ ಎಂದು ಮಾಡಿದರೂ ತೊಡಕು ಹೋಗುವುದಿಲ್ಲ. ಆಗ ಅಂಪೈರ್ ಸರಿಯಾಗಿಯೇ ಔಟ್ ಕೊಟ್ಟ ಹಲವು ಎಸೆತಗಳು ನಾಟೌಟ್ ಆಗುತ್ತವೆ, ಮತ್ತು ಒಂದೆರಡು ಮಿಲಿಮೀಟರಿನ ಮೇಲೆ ತೀರ್ಪು ತಿರುಗುತ್ತದೆ. ಗೆರೆಯನ್ನು ಎಲ್ಲಿ ಎಳೆದರೂ ಅಲ್ಲಿ ಅಂಚೊಂದು ಹುಟ್ಟುತ್ತದೆ. ಆ ಅಂಚಿನಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೆ, ಹತ್ತಿರದಲ್ಲಿ ನಿಂತು ಇಡೀ ಎಸೆತವನ್ನು ನೋಡಿದ ತರಬೇತಾದ ಅಂಪೈರ್ ಎಂಬುದು ನನಗೆ ಒಪ್ಪಿಗೆಯಾಗುವ ಉತ್ತರ.

ಆದರೆ ಈಗಿನ ವ್ಯವಸ್ಥೆಯಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲದ ಎರಡು ಜಾಗಗಳಿವೆ. ಒಂದು, ಪ್ಯಾಡಿಗೆ ತಗುಲಿದ ಜಾಗಕ್ಕೂ ಅಂಪೈರ್ಸ್ ಕಾಲ್ ಇದೆ: ಚೆಂಡಿನ ಸ್ವಲ್ಪ ಭಾಗ ಮಾತ್ರ ಸ್ಟಂಪಿನ ನೇರದಲ್ಲಿದ್ದು ನಡುಬಿಂದು ಹೊರಗಿದ್ದರೆ ಮೈದಾನದ ತೀರ್ಪೇ ಉಳಿಯುತ್ತದೆ. ಇದು ಅಂದಾಜಿನ ಸಂಗತಿಯಲ್ಲ, ಕಂಡದ್ದು. ತಗುಲಿದ ಕ್ಷಣವನ್ನು ಗುರುತಿಸುವುದರಲ್ಲಿ ಸಣ್ಣ ಅನಿಶ್ಚಿತತೆ ಇದೆ ಎಂದು ಸಮರ್ಥಿಸಬಹುದಾದರೂ, ಪುಟಿದ ಜಾಗಕ್ಕೆ ಕೊಡದ ರಿಯಾಯಿತಿಯನ್ನು ಇದಕ್ಕೆ ಮಾತ್ರ ಇಷ್ಟು ಅಗಲವಾಗಿ ಕೊಡುವುದಕ್ಕೆ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ. ಎರಡು, ಪಟ್ಟಿಯ ಅಗಲ ಎಲ್ಲ ಎಸೆತಗಳಿಗೂ ಒಂದೇ. ಕಂಡ ದಾರಿ ಉದ್ದವಿದ್ದು ಉಳಿದ ದಾರಿ ಚಿಕ್ಕದಿರುವ ಎಸೆತಕ್ಕೆ 3.6 ಸೆಂಟಿಮೀಟರ್ ಅತಿಯಾಯಿತು, ಮೇಲಿನ ಸ್ಪಿನ್ ಎಸೆತದಂಥದ್ದಕ್ಕೆ ಅದು ಹೆಚ್ಚೇನೂ ಅಲ್ಲ. ಎಸೆತಕ್ಕೆ ತಕ್ಕಂತೆ ಪಟ್ಟಿಯನ್ನು ಹಿಗ್ಗಿಸಿ ಕುಗ್ಗಿಸುವುದು ಲೆಕ್ಕದ ದೃಷ್ಟಿಯಿಂದ ಕಷ್ಟವಲ್ಲ. ಆದರೆ ಪ್ರತಿ ಸಲವೂ ಗಡಿ ಎಲ್ಲಿದೆ ಎಂದು ಆಟಗಾರರಿಗೂ ನೋಡುಗರಿಗೂ ಹೇಳಬೇಕಾಗುತ್ತದೆ, ಮತ್ತು ಇಂದಿನ ಗೊಂದಲಕ್ಕಿಂತ ಅದು ದೊಡ್ಡ ಗೊಂದಲವಾಗಬಹುದು. ಚೆಂಡಿನ ಅರ್ಧ ಎಂಬುದು ವಿಜ್ಞಾನ ಅಳೆದು ಕೊಟ್ಟ ಸಂಖ್ಯೆಯಲ್ಲ, ಎಲ್ಲರಿಗೂ ಕಣ್ಣಿನಲ್ಲಿ ಕಾಣುವ ಒಪ್ಪಂದದ ಗೆರೆ.

ಇನ್ನೊಂದು ಮಾತು, ಇದನ್ನು ಹಲವರು ಕೇಳುತ್ತಾರೆ. ಪ್ಯಾಡಿನ ಜಾಗವೂ ಅಂಪೈರ್ಸ್ ಕಾಲ್, ಸ್ಟಂಪೂ ಅಂಪೈರ್ಸ್ ಕಾಲ್ ಎಂದು ಎರಡೆರಡು ಬಂದರೆ ಅನುಮಾನ ಇಮ್ಮಡಿಯಾಯಿತಲ್ಲ, ಆಗ ಬ್ಯಾಟರ್ ಪರವಾಗಿ ತೀರ್ಪು ಬರಬೇಡವೇ ಎಂದು. ನಿಯಮದಲ್ಲಿ ಹಾಗಿಲ್ಲ. ಔಟ್ ಕೊಟ್ಟಿದ್ದರೆ ಎರಡಿದ್ದರೂ ಔಟ್. ನಾಟೌಟ್ ಕೊಟ್ಟಿದ್ದರೆ ಒಂದೇ ಇದ್ದರೂ ನಾಟೌಟ್. ಆದ್ದರಿಂದ ಮುಂದಿನ ಸಲ ಮರುಪರಿಶೀಲನೆ ನೋಡುವಾಗ ಮೊದಲು ಅಂಪೈರ್ ಬೆರಳು ಎತ್ತಿದ್ದರೇ ಇಲ್ಲವೇ ಎಂಬುದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಕೊನೆಯ ಚಿತ್ರದಲ್ಲಿ ಚೆಂಡಿನ ಅಂಚು ಎಲ್ಲಿ ತಾಕಿತು ಎಂದು ನೋಡುವ ಬದಲು ಚೆಂಡಿನ ನಡುಬಿಂದು ಹೊರ ಸ್ಟಂಪಿನ ಯಾವ ಬದಿಗಿದೆ ಎಂದು ನೋಡಿ. ಜೊತೆಗೆ ಪುಟಿದ ಜಾಗಕ್ಕೂ ಪ್ಯಾಡಿಗೂ ನಡುವೆ ಎಷ್ಟು ದಾರಿ ಕಂಡಿತ್ತು, ಪ್ಯಾಡಿನಿಂದ ಸ್ಟಂಪಿಗೆ ಎಷ್ಟು ದಾರಿ ಉಳಿದಿತ್ತು ಎಂಬ ಎರಡು ಉದ್ದಗಳನ್ನು ಹೋಲಿಸಿ. ಮೊದಲನೆಯದು ಗೇಣುದ್ದವಿದ್ದು ಎರಡನೆಯದು ಮಾರುದ್ದವಿದ್ದರೆ, ಪರದೆಯ ಗೆರೆ ಎಷ್ಟೇ ನುಣುಪಾಗಿರಲಿ, ಮೂರನೇ ಅಂಪೈರ್ ಮೈದಾನದ ತೀರ್ಪನ್ನು ಮುಟ್ಟದೆ ಬಿಟ್ಟದ್ದೇಕೆ ಎಂದು ನಿಮಗೇ ತಿಳಿಯುತ್ತದೆ.